ಒಂದು ದಿನ ತಡ ಮಾಡುತ್ತಾರೆ

'ಇನ್ನೊಮ್ಮೆ ಅಕ್ಕ'ನ ಫೋನು ಬಂದಾಗ ನಾನು ಪರೀಕ್ಷೆಯ ಚೇಂಬರಿನ ಬಾಗಿಲು ಮುಚ್ಚಿ, ಒಳಗಿನ ತಾಪ ಒಂದು ಮಟ್ಟಕ್ಕೆ ನಿಲ್ಲುವುದನ್ನು ಕಾಯುತ್ತಿದ್ದೆ.

"ಮಾತಾಡಬಹುದಾ?"

"ಹೇಳಿ ಅಕ್ಕ."

"ನಿನ್ನಿಂದ ಒಂದು ಕೆಲಸ ಆಗಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು, ನಂಗೆ ಬೇಜಾರಿಲ್ಲ."

ಅವರು ಹೀಗೆ ಶುರು ಮಾಡುವವರಲ್ಲ. ನಾನು ಲ್ಯಾಬಿನಿಂದ ಹೊರಗೆ ಬಂದು, ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತೆ.

ಇನ್ನೊಮ್ಮೆ ಅಕ್ಕ ಎಂಬುದು ನಮ್ಮ ತಂಡ ಅವರಿಗೆ ಇಟ್ಟ ಹೆಸರು. ಔಷಧಿ ಸಾಗಿಸುವ ತಣ್ಣನೆಯ ಪೆಟ್ಟಿಗೆಗಳ ಒಳಗೆ ಇಡುವ, ದಾರಿಯುದ್ದಕ್ಕೂ ತಾಪಮಾನ ದಾಖಲಿಸುತ್ತ ಹೋಗುವ ಪುಟ್ಟ ಉಪಕರಣಗಳನ್ನು ನಮ್ಮ ಕಂಪನಿ ತಯಾರಿಸುತ್ತದೆ. ಅವು ಸರಿಯಾಗಿ ಓದುತ್ತವೆಯೇ ಎಂದು ನೋಡುವುದು ನಮ್ಮ ಲ್ಯಾಬಿನ ಕೆಲಸ. ಫಲಿತಾಂಶ ಎಷ್ಟೇ ಚೆನ್ನಾಗಿ ಬರಲಿ, ಅಕ್ಕ ಕನ್ನಡಕ ಸರಿಮಾಡಿಕೊಂಡು "ಇನ್ನೊಮ್ಮೆ ನೋಡೋಣ" ಎನ್ನುತ್ತಿದ್ದರು. ಹೊರಗೆ ಲಾರಿ ನಿಂತಿದ್ದರೂ ಅದೇ ಮಾತು, ಲ್ಯಾಬಿನ ಮುಖ್ಯಸ್ಥರು ಬಾಗಿಲಲ್ಲಿ ನಿಂತಿದ್ದರೂ ಅದೇ ಮಾತು. ಹಿಂದಿನ ವರ್ಷ ಕಂಪನಿ ತಂಡವನ್ನು ಅರ್ಧಕ್ಕೆ ಇಳಿಸಿದಾಗ ಹೋದವರಲ್ಲಿ ಅವರೂ ಒಬ್ಬರು. ಉಳಿದವರಲ್ಲಿ ನಾನೂ ಒಬ್ಬ.

"ಹೊಸ ಲ್ಯಾಬ್ ಒಂದರಲ್ಲಿ ಪರೀಕ್ಷಾ ವಿಭಾಗಕ್ಕೆ ಮುಖ್ಯಸ್ಥರು ಬೇಕಂತೆ. ಕೊನೆಗೆ ಇಬ್ಬರು ಉಳಿದಿದ್ದೀವಿ, ನಾನು ಮತ್ತೆ ಇನ್ಯಾರೋ. ನಾಳೆ ಹನ್ನೊಂದಕ್ಕೆ ಅವರ ಮೀಟಿಂಗು, ಅಲ್ಲೇ ತೀರ್ಮಾನ. ಇವತ್ತು ಬೆಳಿಗ್ಗೆ ಅಲ್ಲಿನ ನಿರ್ದೇಶಕಿ ಫೋನ್ ಮಾಡಿದ್ರು. ಏನು ಕೇಳಿದ್ರು ಗೊತ್ತಾ? ನಿಮ್ಮ ಲಿಂಕ್ಡ್‌ಇನ್‌ನಲ್ಲಿ ಐದು ರೆಕಮೆಂಡೇಶನ್ ಇವೆ, ಐದಕ್ಕೂ ಒಂದೇ ತಾರೀಖು, ಐದರಲ್ಲೂ ಒಂದೇ ಮಾತು, ಎಲ್ಲ ಒಂದೇ ಮೇಜಿನ ಸುತ್ತ ಕೂತು ಬರೆದ್ರಾ ಅಂತ."

ಅದು ನಿಜವಾಗಿಯೂ ಹಾಗೆಯೇ ನಡೆದಿತ್ತು. ಕೆಲಸ ಹೋದವರೆಲ್ಲ ಆ ದಿನ ಕ್ಯಾಂಟೀನಿನ ಉದ್ದನೆಯ ಮೇಜಿಗೆ ಕೂತು, ಪ್ರತಿಯೊಬ್ಬರೂ ಎಡಗಡೆಯವರಿಗೆ ಒಂದು ಬರೆದು, ಮುಗಿದ ಮೇಲೆ ಕುರ್ಚಿ ಬದಲಿಸಿ ಮತ್ತೊಬ್ಬರಿಗೆ ಬರೆದಿದ್ದರು. ಆ ಹೊತ್ತಿನಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ನಿಲ್ಲುವುದು ಮುಖ್ಯವಾಗಿತ್ತು, ವಾಕ್ಯಗಳಲ್ಲ. ಕೆಲಸ ಉಳಿದ ನಾವು ಆ ಮೇಜಿನ ಹತ್ತಿರ ಹೋಗುವ ಮುಖವಿಲ್ಲದೆ ಲ್ಯಾಬಿನಲ್ಲೇ ಇದ್ದೆವು.

"ನೀವೇನಂದ್ರಿ?"

"ಹೌದು ಅಂದೆ. ಸುಳ್ಳು ಹೇಳಕ್ಕೆ ಬಾಯಿ ಬರಲಿಲ್ಲ. ಅವರು, ಹಾಗಾದ್ರೆ ಈ ಐದನ್ನೂ ನಾನು ಲೆಕ್ಕಕ್ಕೆ ತಗೊಳ್ಳಲ್ಲ, ನಿಮ್ಮ ಜೊತೆ ನಿಜವಾಗಿ ಕೆಲಸ ಮಾಡಿದವರು ಯಾರೂ ಇಲ್ವಾ ಅಂದ್ರು." ಅಕ್ಕನ ದನಿ ಒಂದು ಕ್ಷಣ ಕೆಳಗಿಳಿಯಿತು. "ಎರಡು ಸಲ ಹೀಗೇ ಕೊನೆವರೆಗೆ ಬಂದು ತಪ್ಪಿದೆ ಕಣೋ. ಇದೂ ಹೋದ್ರೆ ಲ್ಯಾಬ್ ಕೆಲಸದ ಆಸೆ ಬಿಟ್ಟು, ಈಗ ಹೇಳಿಕೊಡ್ತಿರೋ ಮನೆಪಾಠಾನೇ ಮುಂದುವರಿಸೋದು ಅಂತ ತೀರ್ಮಾನ ಮಾಡಿದ್ದೀನಿ. ನೀನು ಒಂದು ಬರಿ. ಚೆನ್ನಾಗಿ ಬರೀಬೇಡ. ನಿಜ ಬರಿ."

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬರೆಯಲು ಕೂತೆ. ಬಹಳ ಸಲೀಸಾಗಿ ಬಂತು. ಅದೇ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಸಂಜೆ ಮನೆಗೆ ಹೋದವನೇ, ಬರೆದದ್ದನ್ನು ಓದಲು ಅತ್ತಿಗೆಗೆ ಫೋನು ಕೊಟ್ಟೆ. ಅಣ್ಣನ ಹೆಂಡತಿ ಬೇರೆ ಬೇರೆ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕೆಲಸದಲ್ಲಿದ್ದಾರೆ. ನಾವು ಪೇಪರಿನಲ್ಲಿ ತಲೆಬರಹ ಓದುವಂತೆ ಅವರು ಪ್ರೊಫೈಲ್‌ಗಳನ್ನು ಓದುತ್ತಾರೆ. ಬಟ್ಟೆ ಮಡಿಚುತ್ತಿದ್ದವರು ಒಂದು ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"ಅತ್ಯಂತ ಪರಿಶ್ರಮಿ. ಸೂಕ್ಷ್ಮ ದೃಷ್ಟಿ. ತಂಡದ ಆಸ್ತಿ. ಯಾವುದೇ ಸಂಸ್ಥೆಗೆ ವರದಾನ." ಅವರು ಫೋನನ್ನು ಮಡಿಚಿದ ಬಟ್ಟೆಯ ಮೇಲೆ ಇಟ್ಟರು. "ಯಾರಪ್ಪ ಇದು?"

"ಅಂದ್ರೆ?"

"ಇದರಲ್ಲಿ ಅವರ ಹೆಸರು ತೆಗೆದು ನನ್ನ ಹೆಸರು ಹಾಕು. ಸರಿಹೋಗುತ್ತಾ?"

ಯೋಚಿಸಿ, "ಸರಿಹೋಗುತ್ತೆ" ಎಂದೆ.

"ನಿಮ್ಮ ಅಣ್ಣನ ಹೆಸರು?"

"ಪರಿಶ್ರಮಿ ಅನ್ನೋದು ಸರಿಹೋಗಲ್ಲ."

ಒಳಗಿನಿಂದ ಅಣ್ಣ, "ಕೇಳಿಸ್ತಿದೆ ನಂಗೆ" ಎಂದ.

"ಕೇಳಿಸಲಿ ಅಂತಲೇ ಹೇಳಿದ್ದು," ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. "ನೋಡು, ಹೆಸರು ಬದಲಿಸಿದರೂ ಸರಿಹೋಗೋದಾದ್ರೆ ಅದು ಯಾರ ಬಗ್ಗೆಯೂ ಬರೆದದ್ದಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅವರು ಮಾಡಿದ ಒಂದೇ ಒಂದು ಕೆಲಸ ಹೇಳು. ಬೇರೆ ಯಾರೂ ಮಾಡದೇ ಇದ್ದದ್ದು. ಅದರಿಂದ ಏನು ಬದಲಾಯ್ತು ಹೇಳು. ನೀನು ಯಾರು, ಅವರನ್ನ ಎಷ್ಟು ಹತ್ತಿರದಿಂದ ಕಂಡಿದ್ದೀಯ, ಅದು ಮೊದಲ ಸಾಲಲ್ಲೇ ಇರಲಿ. ಆಮೇಲೆ," ಅವರು ಟವೆಲನ್ನು ಹೆಗಲಿಂದ ತೆಗೆದು ಮಡಿಚಿದರು, "ಅವರ ಜೊತೆ ಕೆಲಸ ಮಾಡೋದಕ್ಕೆ ಏನು ತೆರಬೇಕೋ ಅದನ್ನೂ ಒಂದು ಸಾಲು ಹೇಳು."

"ದೋಷ ಬರೀಬೇಕಾ? ಅವರಿಗೆ ಕೆಲಸ ಸಿಗಲಿ ಅಂತ ತಾನೆ ಬರೀತಿರೋದು."

"ದೋಷ ಅಲ್ಲ. ಬೆಲೆ. ಅದು ಕಂಡರೆ ಉಳಿದದ್ದನ್ನ ನಂಬ್ತೀನಿ. ಬರೀ ಬೆಣ್ಣೆ ಕಂಡರೆ ಜಾರಿ ಮುಂದಕ್ಕೆ ಹೋಗ್ತೀನಿ."

ಒಂದೇ ಒಂದು ಕೆಲಸ ಎಂದೊಡನೆ ನನ್ನ ತಲೆಗೆ ಬಂದದ್ದು ಆ ಬ್ಯಾಚು.

ಪ್ರತಿ ಉಪಕರಣವನ್ನೂ ಚೇಂಬರಿನಲ್ಲಿಟ್ಟು, ಅದರ ಓದನ್ನು ನಂಬಿಕೆಯ ಥರ್ಮಾಮೀಟರಿನ ಓದಿಗೆ ಹೋಲಿಸಿ, ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಉಪಕರಣದಲ್ಲಿ ತಿದ್ದುತ್ತೇವೆ. ತಿದ್ದಿದ ಮೇಲೆ ಬೇರೆಯಾಗಿ ಮತ್ತೆ ಚೇಂಬರಿಗೆ ಹಾಕಿ, ಈಗ ಸರಿಯಾಗಿದೆಯೇ ಎಂದು ನೋಡಬೇಕು. ಅಕ್ಕನ ಕೆಲಸ ಹೋಗುವ ಮುಂಚಿನ ವರ್ಷ ಮುಖ್ಯಸ್ಥರು ಸ್ವತಃ ಒಂದು ಹೊಸ ಪ್ರೋಗ್ರಾಂ ಬರೆದರು. ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯತೊಡಗಿತು. ಮೊದಲ ಬ್ಯಾಚಿನ ಫಲಿತಾಂಶ ಪರದೆಯ ಮೇಲೆ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಒಂದು ಉಪಕರಣವೂ ಮಿತಿ ಮೀರಿರಲಿಲ್ಲ. ಗ್ರಾಫಿನ ಚುಕ್ಕೆಗಳೆಲ್ಲ ಗೆರೆಯ ಮೇಲೆ ಸಾಲಾಗಿ ಕೂತಿದ್ದವು.

ಅಕ್ಕ ಮಾತ್ರ ಕನ್ನಡಕ ಸರಿಮಾಡಿಕೊಂಡರು. "ಇಷ್ಟು ಚೆನ್ನಾಗಿರೋದು ಚೆನ್ನಾಗಿಲ್ಲ. ಇನ್ನೊಮ್ಮೆ ನೋಡೋಣ."

ಮರುದಿನ ಪೂರ್ತಿ ಅವರು ಚೇಂಬರನ್ನು ಬಿಟ್ಟುಕೊಡಲಿಲ್ಲ. ಅದೇ ಉಪಕರಣಗಳನ್ನು ಹೊಸದಾಗಿ, ಬೇರೆ ತಾಪಮಾನಗಳಲ್ಲಿ ಓದಿಸಿದರು. ಚುಕ್ಕೆಗಳು ಚದುರಿದವು. ಹಲವು ಮಿತಿಯಿಂದ ಹೊರಗೆ ಬಿದ್ದವು. ಹೊಸ ಪ್ರೋಗ್ರಾಂ ಎರಡನೆಯ ಓದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಯಾವ ಓದಿನಿಂದ ತಿದ್ದಿತ್ತೋ ಅದೇ ಓದನ್ನು ಮತ್ತೆ ತೆಗೆದು ತಾಳೆ ನೋಡುತ್ತಿತ್ತು. ಉತ್ತರ ಹೇಳಿಕೊಟ್ಟ ಪ್ರಶ್ನೆಗಳನ್ನೇ ಪರೀಕ್ಷೆಯಲ್ಲಿ ಕೇಳಿ ಪೂರ್ತಿ ಅಂಕ ಕೊಟ್ಟ ಹಾಗೆ. ವಿಜ್ಞಾನ ಓದಿದವರು ಮಾತ್ರ ಮಾಡಬಲ್ಲ ತಪ್ಪು ಅದು. ಗಣಿತವೆಲ್ಲ ಸರಿಯಿರುತ್ತದೆ, ಉತ್ತರ ಮಾತ್ರ ಏನನ್ನೂ ಹೇಳುವುದಿಲ್ಲ. ಬ್ಯಾಚು ಹೊರಗೆ ಹೋಗಲಿಲ್ಲ. ವಿಧಾನ ಬದಲಾಯಿತು. ವರ್ಷದ ಕೊನೆಯ ಸಭೆಯಲ್ಲಿ ಮುಖ್ಯಸ್ಥರು ಅದನ್ನು ವಿಭಾಗದ ಸುಧಾರಣೆ ಎಂದು ಹೇಳಿಕೊಂಡರು. ಕೆಲವೇ ತಿಂಗಳಿಗೆ ಅಕ್ಕನ ಕೆಲಸ ಹೋಯಿತು.

ಇದನ್ನೆಲ್ಲ ಬರೆದೆ. ಬರೆಯುತ್ತ ಹೋದಂತೆ ಮೈ ಬಿಸಿಯಾಯಿತು. ಮುಖ್ಯಸ್ಥರ ಹೆಸರು ಹಾಕಲಿಲ್ಲ, 'ಮೇಲಿನವರೊಬ್ಬರು ಅವಸರದಲ್ಲಿ ಬರೆದ ಪ್ರೋಗ್ರಾಂ' ಎಂದಷ್ಟೇ ಹಾಕಿದೆ. 'ಅದರ ಶ್ರೇಯಸ್ಸು ಬೇರೆಯವರಿಗೆ ಹೋಯಿತು' ಎಂದೂ ಸೇರಿಸಿದೆ. ಅಕ್ಕನ ಪ್ರೊಫೈಲ್ ತೆರೆದು, ಶಿಫಾರಸು ಬರೆಯುವ ಜಾಗಕ್ಕೆ ಹೋಗಿ, ಒಂದೇ ತಂಡದಲ್ಲಿದ್ದೆವು ಎಂಬುದನ್ನು ಆರಿಸಿ, ಆಗ ಅವರ ಹುದ್ದೆ ಯಾವುದು ನನ್ನದು ಯಾವುದು ಎಂದು ತುಂಬಿ ಕಳಿಸಿದೆ.

ಕಳಿಸಿದೊಡನೆ ಅದು ಯಾರಿಗೂ ಕಾಣುವುದಿಲ್ಲ. ಯಾರ ಬಗ್ಗೆ ಬರೆದಿದ್ದೇವೋ ಅವರಿಗೆ ಮೊದಲು ಹೋಗುತ್ತದೆ. ಅವರು ಒಪ್ಪಿ ಸೇರಿಸಿಕೊಂಡರೆ ಮಾತ್ರ ಪ್ರೊಫೈಲಿನಲ್ಲಿ ನಿಲ್ಲುತ್ತದೆ, ಇಲ್ಲವಾದರೆ ಬಿಡಬಹುದು ಅಥವಾ ತಿದ್ದಿಕೊಡಲು ಕೇಳಬಹುದು.

ಅಕ್ಕ ತಿದ್ದಲು ಕೇಳಿದರು. ಅದರ ಜೊತೆಗಿದ್ದ ಸಂದೇಶ ಹೀಗಿತ್ತು: 'ಇದು ನನ್ನ ಬಗ್ಗೆ ಇಲ್ಲ. ಅವರ ಬಗ್ಗೆ ಇದೆ. ಓದಿದವರು ನನ್ನನ್ನ ಜಗಳಗಂಟಿ ಅನ್ಕೋತಾರೆ, ನಿನ್ನನ್ನ ಚಾಡಿಕೋರ ಅನ್ಕೋತಾರೆ. ಲ್ಯಾಬಿನ ಒಳಗಿನ ವಿಷಯ ಹೊರಗೆ ಬರೆಯೋ ಮುಂಚೆ ಮುಖ್ಯಸ್ಥರಿಗೆ ತೋರಿಸಬೇಕು ಅನ್ನೋ ನಿಯಮ ಮರೆತೆಯಾ? ಅವರಿಗೆ ತೋರಿಸದೆ ನನಗೆ ಕಳಿಸಬೇಡ. ನನ್ನ ಕೆಲಸಕ್ಕೋಸ್ಕರ ನಿನ್ನ ಕೆಲಸ ಕಳ್ಕೋಬೇಡ.'

ನಾನು ಮರೆತಿರಲಿಲ್ಲ. ಮರೆತಂತೆ ಇದ್ದೆ.

ಅತ್ತಿಗೆ ಸಂದೇಶ ಓದಿ, "ನಾನಾದ್ರೆ ಇವರನ್ನ ಈ ಸಂದೇಶಕ್ಕೇ ಕೆಲಸಕ್ಕೆ ತಗೋತಿದ್ದೆ" ಎಂದರು. ಆಮೇಲೆ ನನ್ನ ಬರಹವನ್ನು ನೋಡಿ, "ಹೆಸರು ಹಾಕಿಲ್ಲ ಅಂತ ಸಮಾಧಾನ ಪಟ್ಕೋಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಸಾಕು, ಹೆಗಲು ಮುಟ್ಟಿ ನೋಡ್ಕೊಳ್ಳೋರು ಇರ್ತಾರೆ. ಅರ್ಧ ಕತ್ತರಿಸು" ಎಂದರು.

ಕತ್ತರಿಸಿದೆ. ಶ್ರೇಯಸ್ಸಿನ ಮಾತು ಹೋಯಿತು, ಮೇಲಿನವರು ಹೋದರು, ನನ್ನ ಸಿಟ್ಟು ಹೋಯಿತು. ಉಳಿದದ್ದು ಅಕ್ಕ ಮತ್ತು ಆ ಚುಕ್ಕೆಗಳು. ಕೊನೆಯಲ್ಲಿ ಅತ್ತಿಗೆ ಹೇಳಿದ್ದ ಬೆಲೆಯ ಸಾಲು.

ಬೆಳಿಗ್ಗೆ ನಾನು ಲ್ಯಾಬಿಗೆ ಬಂದಾಗ ಮುಖ್ಯಸ್ಥರ ಕೋಣೆಗೆ ಬೀಗವಿತ್ತು. ಬರಹವನ್ನು ಅಚ್ಚು ಹಾಕಿಕೊಂಡು ಬಾಗಿಲ ಮುಂದೆ ನಿಂತೆ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಯಾರ ಸಹಿ ಇಲ್ಲದೆ ನನಗೆ ರಜೆಯೂ ಸಿಗುವುದಿಲ್ಲವೋ ಅವರ ಬಳಿಯೇ ಅವರದೇ ತಪ್ಪಿನ ಕತೆಯನ್ನು ಲೋಕಕ್ಕೆ ಹೇಳಲು ಅನುಮತಿ ಕೇಳಬೇಕಾಗಿತ್ತು.

ಅವರು ಬಂದದ್ದು ಹತ್ತಕ್ಕೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಾಫಿ.

"ಏನು, ಬಾಗಿಲು ಕಾಯೋ ಕೆಲಸಕ್ಕೆ ಸೇರಿಕೊಂಡೆಯಾ?"

"ಸರ್, ಇದೊಂದನ್ನ ನೀವು ಓದಬೇಕಿತ್ತು. ಹನ್ನೊಂದರ ಒಳಗೆ."

ಅವರು ನಿಂತುಕೊಂಡೇ ಓದಲು ಶುರು ಮಾಡಿದರು. ಎರಡನೆಯ ವಾಕ್ಯಕ್ಕೆ ಕಾಫಿ ಮೇಜಿನ ಮೇಲೆ ಇಟ್ಟರು. ನಾಲ್ಕನೆಯದಕ್ಕೆ ಕೂತರು. ಓದಿ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದರು. ನಾನು ಗೋಡೆಯ ಗಡಿಯಾರ ನೋಡಬಾರದೆಂದುಕೊಂಡು ನೋಡಿದೆ.

"ಈ ವಾಕ್ಯ ತೆಗೆ," ಎಂದರು. "ತಿದ್ದಲು ಬಳಸಿದ ಓದುಗಳನ್ನೇ ತಾಳೆ ನೋಡಲು ಬಳಸಲಾಗಿತ್ತು ಅನ್ನೋದು."

"ಸರ್, ಅದನ್ನ ತೆಗೆದ್ರೆ ಉಳಿಯೋದು ಅವರು ಒಳ್ಳೆಯವರು ಅನ್ನೋದು ಒಂದೇ. ಅದು ಆಗಲೇ ಐದು ಸಲ ಇದೆ."

"ಈ ಕೆಲಸದಲ್ಲಿರೋ ಯಾರು ಓದಿದ್ರೂ ಇಲ್ಲಿ ಏನಾಯ್ತು ಅಂತ ಗೊತ್ತಾಗುತ್ತೆ."

"ಅವರು ಏನು ಮಾಡಿದ್ರು ಅಂತಲೂ ಗೊತ್ತಾಗುತ್ತೆ ಸರ್."

ಅವರು ತಲೆಯೆತ್ತಿ ನೋಡಿದರು. ನಾನು ಅವರ ಎದುರಿಗೆ ಅಷ್ಟು ಮಾತಾಡಿದವನಲ್ಲ. ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು ಕೋಣೆಯ ಮುಂದೆ ಹಾದು ದೂರವಾಯಿತು.

"ಆ ಪ್ರೋಗ್ರಾಂ ಬರೆದದ್ದು ಯಾರು ಅಂತ ಗೊತ್ತಾ ನಿಂಗೆ?"

"ಗೊತ್ತು ಸರ್."

"ಎಲ್ಲರಿಗೂ ಗೊತ್ತಾ?"

"ಎಲ್ಲರಿಗೂ ಗೊತ್ತು ಸರ್."

ಅವರು ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಮಡಿಕೆಯನ್ನು ಬೆರಳಿನಿಂದ ತೀಡಿದರು. "ಎಲ್ಲರಿಗೂ ಗೊತ್ತಾದದ್ದು ನಾನು ಹೇಳಿದ ಮೇಲೆ. ಅದಕ್ಕೂ ಮುಂಚೆ ಅವರು ಇಲ್ಲಿಗೆ ಬಂದಿದ್ರು. ಒಬ್ಬರೇ. ಬಾಗಿಲು ಹಾಕಿ, ಆ ಚದುರಿದ ಚುಕ್ಕೆಗಳ ಚಿತ್ರ ನನ್ನ ಮುಂದೆ ಇಟ್ಟು, ಒಂದು ಮಾತೂ ಆಡದೆ ಕೂತ್ರು. ನಾನೇ ನೋಡಿ ಕಂಡುಕೊಳ್ಳೋವರೆಗೆ ಕೂತೇ ಇದ್ರು. ಆಮೇಲೆ, ತಂಡಕ್ಕೆ ನೀವೇ ಹೇಳಿ ಸರ್, ನಾನು ಹೇಳಿದ್ರೆ ಬೇರೆ ಥರ ಕೇಳಿಸುತ್ತೆ ಅಂದ್ರು."

ಇದು ನನಗೆ ತಿಳಿದಿರಲಿಲ್ಲ. ನಮಗೆ ಗೊತ್ತಿದ್ದದ್ದು ಮುಖ್ಯಸ್ಥರು ಒಂದು ಮಧ್ಯಾಹ್ನ ಲ್ಯಾಬಿಗೆ ಬಂದು, ಪ್ರೋಗ್ರಾಂನಲ್ಲಿ ತಪ್ಪಿದೆ, ವಿಧಾನ ಬದಲಿಸೋಣ ಎಂದದ್ದು ಮಾತ್ರ.

"ಕೆಲಸದಿಂದ ತೆಗೆಯೋರ ಪಟ್ಟಿ ಮಾಡುವಾಗ ಅವರ ಸಂಬಳ ದೊಡ್ಡದಿತ್ತು," ಎಂದರು, ನಾನು ಕೇಳದೇ ಇದ್ದದ್ದಕ್ಕೆ ಉತ್ತರ ಕೊಡುವವರಂತೆ. "ಅಷ್ಟೇ ಕಾರಣ. ನೀವು ಬೇರೆ ಏನೋ ಅನ್ಕೊಂಡಿರ್ತೀರ."

ನಾವು ಬೇರೆಯೇ ಅಂದುಕೊಂಡಿದ್ದೆವು.

ಹತ್ತೂಕಾಲಾಗಿತ್ತು. ಅವರು ಪೆನ್ನು ತೆಗೆದರು. 'ಲಾರಿಗೆ ಏರಿಸಲು ಸಿದ್ಧವಾಗಿದ್ದ' ಎಂಬ ಮಾತನ್ನು ಹೊಡೆದು ಹಾಕಿದರು. "ಇದನ್ನ ಓದಿದ್ರೆ ಗ್ರಾಹಕರು ಹಿಂದಿನ ಬ್ಯಾಚುಗಳ ಬಗ್ಗೆ ಕೇಳ್ತಾರೆ. ಬಿಡುಗಡೆಗೆ ಮುಂಚೆ ಅಂತ ಹಾಕು, ಅದೇ ನಿಜ." ಉಪಕರಣ ಯಾವುದೆಂದು ತಿಳಿಯುವ ಒಂದು ಪದವನ್ನು ಹೊಡೆದರು. ಪೆನ್ನು ಆ ವಾಕ್ಯದ ಮೇಲೆ ಬಂದು ನಿಂತಿತು. ನಿಂತೇ ಇತ್ತು.

"ಬಳಸಲಾಗಿತ್ತು ಅನ್ನೋದು ಇರಲಿ," ಎಂದರು ಕೊನೆಗೆ. "ನಂಗೆ ಇಷ್ಟ ಇಲ್ಲ. ಆದ್ರೆ ತಪ್ಪೂ ಇಲ್ಲ." ಕಾಗದ ನನ್ನ ಕಡೆ ತಳ್ಳಿದವರು ಅದರ ಮೇಲಿನ ಬೆರಳು ತೆಗೆಯಲಿಲ್ಲ. "ಅವರು ಮೊದಲು ಯಾರ ಹತ್ತಿರ ಹೋದ್ರು ಅನ್ನೋದನ್ನೂ ಬರಿ. ಯಾರು ಅಂತ ಬೇಡ. ಹೇಗೆ ಅಂತ ಬರಿ."

ನನ್ನ ಜಾಗಕ್ಕೆ ಹೋಗಿ, ಕೂತು ಬರೆದೆ. ಈ ಸಲ ವಾಕ್ಯಗಳು ನಿಂತವು:

'ಮೂರು ವರ್ಷ ನಾವಿಬ್ಬರೂ ಒಂದೇ ಪರೀಕ್ಷಾ ಲ್ಯಾಬಿನಲ್ಲಿ, ಅಕ್ಕಪಕ್ಕದ ಮೇಜುಗಳಲ್ಲಿ ಕೆಲಸ ಮಾಡಿದೆವು. ಒಮ್ಮೆ ಒಂದು ಬ್ಯಾಚಿನ ಫಲಿತಾಂಶ ಯಾವ ದೋಷವೂ ಇಲ್ಲದೆ ಬಂತು. ನಾವೆಲ್ಲ ಸಂತೋಷಪಟ್ಟೆವು. ಇವರು ಮಾತ್ರ, ಇಷ್ಟು ಚೆನ್ನಾಗಿರುವುದು ಸಹಜವಲ್ಲ ಎಂದು ಅದೇ ಮಾದರಿಗಳನ್ನು ಬೇರೆ ತಾಪಮಾನಗಳಲ್ಲಿ ಹೊಸದಾಗಿ ಪರೀಕ್ಷಿಸಿದರು. ಉಪಕರಣವನ್ನು ತಿದ್ದಲು ಬಳಸಿದ ಓದುಗಳನ್ನೇ ತಾಳೆ ನೋಡಲೂ ಬಳಸಲಾಗಿತ್ತು ಎಂಬುದನ್ನು ಬಿಡುಗಡೆಗೆ ಮುಂಚೆ ಕಂಡುಹಿಡಿದವರು ಇವರು. ಅದನ್ನು ಅವರು ಸಭೆಯಲ್ಲಿ ಹೇಳಲಿಲ್ಲ. ಸಂಬಂಧಪಟ್ಟವರ ಬಳಿ ಒಬ್ಬರೇ ಹೋಗಿ, ಚಿತ್ರ ಮುಂದಿಟ್ಟು, ಅವರೇ ಕಾಣುವವರೆಗೆ ಕಾದರು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ತಿದ್ದುವ ಓದು ಬೇರೆ, ತಾಳೆ ನೋಡುವ ಓದು ಬೇರೆ. ಒಂದು ವಿಷಯ ಮೊದಲೇ ತಿಳಿದಿರಲಿ: ಇವರು ನಿಮ್ಮನ್ನು ಒಂದು ದಿನ ತಡ ಮಾಡುತ್ತಾರೆ. ನಾನು ಆ ದಿನವನ್ನು ಇವರಿಗೆ ಮತ್ತೊಮ್ಮೆ ಕೊಡಲು ಸಿದ್ಧ.'

ಹಳೆಯದರ ಜಾಗದಲ್ಲಿ ಇದನ್ನು ಹಾಕಿ ಕಳಿಸಿದಾಗ ಹತ್ತೂವರೆ ದಾಟಿತ್ತು. ಎರಡು ನಿಮಿಷದಲ್ಲಿ ಅಕ್ಕನ ಫೋನು ಬಂತು. ಹಿಂದೆ ಯಾವುದೋ ಹುಡುಗಿ ಮಗ್ಗಿ ಹೇಳುತ್ತಿದ್ದಳು.

"ಅವರಿಗೆ ತೋರಿಸಿದೆಯಾ?"

"ತೋರಿಸಿದೆ. ಕೋಣೆಗೆ ಹೋಗಿದ್ದನ್ನ ಬರಿ ಅಂದದ್ದು ಅವರೇ."

ಮಗ್ಗಿ ಮುಂದುವರಿಯುತ್ತಿತ್ತು.

"ಆ ಕೊನೆಯ ಸಾಲು ತೆಗಿ," ಎಂದರು.

"ಅಕ್ಕ."

"ತಡ ಮಾಡ್ತಾರೆ ಅಂತ ಯಾರಾದ್ರೂ ಬರೀತಾರಾ? ಅವರದು ಹೊಸ ಲ್ಯಾಬು. ಬಂದ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿಕೊಡಬೇಕು, ಇಲ್ಲಾಂದ್ರೆ ಮುಚ್ಚಿಕೊಂಡು ಹೋಗಬೇಕು. ಇಂಟರ್‌ವ್ಯೂನಲ್ಲಿ ಎರಡು ಸಲ ಕೇಳಿದ್ರು, ಗಡುವು ಪಾಲಿಸ್ತೀರಾ ಅಂತ. ಎರಡು ಸಲವೂ ಹೌದು ಅಂದೆ."

"ಪಾಲಿಸ್ತೀರಲ್ಲ. ಒಂದು ದಿನ ಬಿಟ್ಟು."

"ತಮಾಷೆ ಮಾಡಬೇಡ. ಇದು ಹೋದ್ರೆ ನಂಗೆ ಇನ್ನೊಂದಿಲ್ಲ."

ನನಗೂ ಅದು ಗೊತ್ತಿತ್ತು. ತೆಗೆಯುವುದು ಸುಲಭ, ಒಂದು ನಿಮಿಷದ ಕೆಲಸ. ತೆಗೆದರೆ ಉಳಿದದ್ದೇನೂ ಸುಳ್ಳಾಗುತ್ತಿರಲಿಲ್ಲ. ಆದರೆ ಆ ನಿರ್ದೇಶಕಿ ಐದು ಹೊಗಳಿಕೆಗಳನ್ನು ನೋಡಿ, ಚುಕ್ಕೆಗಳೆಲ್ಲ ಗೆರೆಯ ಮೇಲೆ ಕೂತಿವೆ, ಇದು ಸಹಜವಲ್ಲ ಎಂದವರು. ಅವರ ಕಣ್ಣಿಗೆ ಆರನೆಯದೂ ಅದೇ ಗೆರೆಯ ಮೇಲೆ ಕೂತರೆ?

"ಅಕ್ಕ, ನೀವು ಅವರ ಜಾಗದಲ್ಲಿದ್ದು, ದೋಷವೇ ಇಲ್ಲದ ಫಲಿತಾಂಶ ಕೈಗೆ ಬಂದ್ರೆ ಏನಂತೀರಿ?"

ಮಗ್ಗಿ ನಿಂತಿತು. ಹುಡುಗಿ, "ಮಿಸ್, ಮುಗೀತು" ಎಂದಳು. ಅಕ್ಕ ಅವಳಿಗೆ, "ಇನ್ನೊಂದು ಸಲ ಹೇಳು ಪುಟ್ಟಿ" ಎಂದರು. ಅಷ್ಟಕ್ಕೇ ಫೋನಿಟ್ಟರು.

ನಾನು ಅವರ ಪ್ರೊಫೈಲ್ ತೆರೆದುಕೊಂಡು ಕೂತೆ. ಮತ್ತೆ ಮತ್ತೆ ತೆರೆದೆ. ಐದೇ ಇದ್ದವು. ಚೇಂಬರು ಸಿದ್ಧವಾಯಿತೆಂದು ಗಂಟೆ ಹೊಡೆಯಿತು, ಏಳಲಿಲ್ಲ. ಹನ್ನೊಂದಕ್ಕೆ ಕೆಲವೇ ನಿಮಿಷವಿದ್ದಾಗ ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ ನನ್ನ ಹೆಸರು, ಇವತ್ತಿನ ತಾರೀಖು, ಕೆಳಗೆ ನನ್ನ ವಾಕ್ಯಗಳು. ಕೊನೆಯ ಸಾಲು ಇದ್ದಲ್ಲೇ ಇತ್ತು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಚೇಂಬರಿನ ಓದುಗಳನ್ನು ತೆಗೆದುಕೊಂಡೆ, ಒಂದು ಸಾಲು ಬಿಟ್ಟುಹೋಯಿತು, ಮತ್ತೆ ತೆಗೆದುಕೊಂಡೆ. ಹನ್ನೊಂದೂವರೆಯ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನೀವು ಈ ಬೆಳಿಗ್ಗೆ ಒಂದು ರೆಕಮೆಂಡೇಶನ್ ಬರೆದಿದ್ದೀರಿ," ಎಂದಿತು ಹೆಂಗಸಿನ ದನಿ. ಆ ಲ್ಯಾಬಿನ ನಿರ್ದೇಶಕಿ. ನನ್ನ ನಂಬರನ್ನು ಅಕ್ಕನಿಂದಲೇ ಪಡೆದಿದ್ದರಂತೆ. "ನಾವು ಇನ್ನೂ ಮೀಟಿಂಗಿನಲ್ಲಿದ್ದೀವಿ, ನಾನು ಹೊರಗೆ ಬಂದು ಮಾತಾಡ್ತಿದ್ದೀನಿ. ನಿನ್ನೆ ನಾನು ಕೇಳಿದ ಮೇಲೆ ಇದು ಬಂದಿದೆ. ಅವರು ಹೇಳಿ ಬರೆಸಿದ್ದಾ?"

"ಬರಿ ಅಂತ ಹೇಳಿದ್ದು ಅವರು. ಏನು ಬರೀಬೇಕು ಅಂತ ಹೇಳಿಲ್ಲ. ಕೊನೆಯ ಸಾಲು ತೆಗಿ ಅಂದಿದ್ರು."

"ಆದ್ರೂ ಇದೆಯಲ್ಲ."

"ತೆಗೀದೇ ಕಳಿಸಿದ್ದು ನಾನು. ಇರಲಿ ಅಂತ ಸೇರಿಸಿಕೊಂಡದ್ದು ಅವರು."

"ಹ್ಞೂಂ." ಕಾಗದ ಮಗುಚಿದ ಸದ್ದು. "ಒಂದು ಪ್ರಶ್ನೆ. ಅವರು ಹೀಗೆ ಮತ್ತೆ ಪರೀಕ್ಷೆ ಮಾಡಿದಾಗಲೆಲ್ಲ ಏನಾದ್ರೂ ಸಿಗ್ತಿತ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಕಾರಿಡಾರಿನ ಆ ತುದಿಯಲ್ಲಿ ಮುಖ್ಯಸ್ಥರು ಯಾರೊಂದಿಗೋ ಮಾತಾಡುತ್ತ ನನ್ನ ಕಡೆಗೊಮ್ಮೆ ನೋಡಿ ಮುಖ ತಿರುಗಿಸಿದರು.

"ಇಲ್ಲ," ಎಂದೆ. "ಹೆಚ್ಚಿನ ಸಲ ಏನೂ ಸಿಗ್ತಿರಲಿಲ್ಲ. ಸುಮ್ಮನೆ ಒಂದು ದಿನ ಹೋಗ್ತಿತ್ತು. ನಾವು ಬೈಕೋತಿದ್ವಿ."

"ಸಿಕ್ಕದ ದಿನ ಅವರು ಏನು ಮಾಡ್ತಿದ್ರು?"

ಇದನ್ನು ನಾನು ಯೋಚಿಸಿರಲಿಲ್ಲ. ನೆನಪು ಮಾಡಿಕೊಳ್ಳಬೇಕಾಯಿತು. "ಏನೂ ಸಿಕ್ಕಿಲ್ಲ ಅಂತ ಬರೆದಿಡ್ತಿದ್ರು. ಎರಡನೇ ಸಲದ ಓದುಗಳ ಸಮೇತ. ಅವಮಾನ ಅನ್ನೋ ಥರ ಯಾವತ್ತೂ ಕಾಣಲಿಲ್ಲ."

"ಸರಿ. ಥ್ಯಾಂಕ್ಸ್," ಎಂದು ಇಟ್ಟರು. ಅವರ ದನಿಯಿಂದ ಏನೂ ಊಹಿಸಲಾಗುತ್ತಿರಲಿಲ್ಲ.

ಊಟ ಸೇರಲಿಲ್ಲ. ಅಕ್ಕನಿಗೆ ಫೋನು ಮಾಡಬೇಕೆನ್ನಿಸಿತು. ಮಾಡಿ ಏನು ಹೇಳುವುದು, ಹೆಚ್ಚಿನ ಸಲ ಏನೂ ಸಿಗುತ್ತಿರಲಿಲ್ಲ ಎಂದು ಹೇಳಿಬಿಟ್ಟೆ ಎಂದೇ? ಅತ್ತಿಗೆಗೆ ಸಂದೇಶ ಕಳಿಸಿದೆ. 'ನಿಜ ಹೇಳಿದ ಮೇಲೆ ಲೆಕ್ಕ ಹಾಕಬೇಡ. ಊಟ ಮಾಡು' ಎಂದು ಉತ್ತರ ಬಂತು.

ಮೂರು ಗಂಟೆಯ ಹೊತ್ತಿಗೆ ಅಕ್ಕನ ಫೋನು ಬಂತು.

"ಎಲ್ಲಿದ್ದೀಯ? ಕೂತಿದ್ದೀಯಾ?"

"ನಿಂತಿದ್ದೀನಿ. ಹೇಳಿ ಅಕ್ಕ, ದಮ್ಮಯ್ಯ."

"ಕೊಟ್ರು ಕಣೋ," ಎಂದರು. ಮೂಗು ಒರೆಸಿಕೊಂಡದ್ದು ಕೇಳಿಸಿತು. ನಾನು ಕಿಟಕಿಯ ಸರಳು ಹಿಡಿದುಕೊಂಡೆ.

"ಇನ್ನೊಬ್ಬರನ್ನೇ ತಗೊಳ್ಳೋದು ಅಂತ ಹೆಚ್ಚುಕಮ್ಮಿ ಮುಗಿದುಹೋಗಿತ್ತಂತೆ. ಅವರ ರೆಕಮೆಂಡೇಶನ್‌ಗಳು ಬಹಳ ದೊಡ್ಡವರ ಕೈಯಿಂದ ಬಂದವು. ಈ ನಿರ್ದೇಶಕಿ ಎದ್ದು ಹೊರಗೆ ಹೋಗಿ ನಿಂಗೆ ಫೋನ್ ಮಾಡಿ, ವಾಪಸ್ ಬಂದು, ಆ ದೊಡ್ಡವರಲ್ಲಿ ಯಾರಾದ್ರೂ ಹುಡುಕಿ ಏನೂ ಸಿಗದ ದಿನವೂ ಇತ್ತು ಅಂತ ಬರೆದಿದ್ದಾರಾ ಅಂತ ಕೇಳಿದ್ರಂತೆ. ಒಬ್ಬರೂ ಬರೆದಿರಲಿಲ್ಲವಂತೆ."

"ಗಡುವಿನ ಬಗ್ಗೆ?"

"ಅದೇ ಹೇಳೋದಕ್ಕೆ ಬಂದೆ. ನೇಮಕದ ಕಾಗದದಲ್ಲೇ ಹಾಕ್ತಾರಂತೆ. ಯಾವ ಬ್ಯಾಚನ್ನಾದ್ರೂ, ಯಾರನ್ನೂ ಕೇಳದೆ, ಕಾರಣ ಹೇಳದೆ, ಒಂದು ದಿನ ನಾನು ತಡೆಹಿಡಿಯಬಹುದು. ಒಂದೇ ದಿನ. ಎರಡನೇ ದಿನಕ್ಕೆ ಕಾರಣ ಕೊಡಬೇಕು." ಅವರು ನಗಲು ನೋಡಿದರು. "ಹತ್ತು ವರ್ಷ ಬೈಸಿಕೊಂಡು ಕದ್ದು ಮಾಡಿದ ಕೆಲಸ. ಈಗ ಅಧಿಕಾರ ಅಂತೆ."

"ಒಳ್ಳೇದಾಯ್ತಲ್ಲ ಅಕ್ಕ."

"ಒಳ್ಳೇದೇ." ಎಂದರು. "ಭಯ ಆಗ್ತಿದೆ. ಅಲ್ಲಿ ನಾನು ಕೆಲಸ ಮಾಡೋದನ್ನ ಯಾರೂ ಕಂಡಿಲ್ಲ. ನೀನು ಬರೆದದ್ದನ್ನ ಓದಿದ್ದಾರೆ ಅಷ್ಟೇ. ಮೊದಲ ಬ್ಯಾಚು ಬರುತ್ತೆ, ಚೆನ್ನಾಗೇ ಇರುತ್ತೆ, ಎಲ್ಲ ನನ್ನ ಮುಖ ನೋಡ್ತಾ ಕಾಯ್ತಿರ್ತಾರೆ. ಆಗ ಬಾಯಿ ಬಿಟ್ಟು, ಇನ್ನೊಮ್ಮೆ ನೋಡೋಣ ಅಂತ ಹೇಳಬೇಕಲ್ಲ."

"ಹೇಳ್ತೀರಿ."

"ಹೇಳಲೇಬೇಕು. ನೀನು ಬರೆದಾಯ್ತಲ್ಲ," ಎಂದರು.